ಎರಡು ವರ್ಷ ಗಿಂಬಲ್ ಹಿಡಿದು ಹಿಮ್ಮುಖ ನಡೆದ ಮೇಲೆ

ಮೈಸೂರಿನ ಹಳೇ ಬೀದಿಗಳ ಬಗ್ಗೆ ನಮ್ಮ ಮೇಷ್ಟ್ರು ನಡೀತಾ ಮಾತಾಡ್ತಾರೆ, ನಾನು ಅವರ ಮುಂದೆ ಹಿಮ್ಮುಖವಾಗಿ ನಡೀತಾ ಶೂಟ್ ಮಾಡ್ತೀನಿ. ತಿಂಗಳಿಗೆ ಎರಡು ವಿಡಿಯೋ. ಈ ಒಂದು ಕೆಲಸಕ್ಕೇ ಅಂತ ಎರಡು ವರ್ಷದ ಹಿಂದೆ ಕ್ಯಾಮೆರಾ ಅಲ್ಲಾಡದ ಹಾಗೆ ಮೋಟಾರಿನಿಂದ ಹಿಡಿದಿಡೋ ಕೋಲು, ಅಂದರೆ ಒಂದು ಮೂರು ಆಕ್ಸಿಸ್ ಗಿಂಬಲ್ ತಗೊಂಡೆ. ಮನೆಯಲ್ಲಿ ಟ್ರೈಪಾಡ್ ಮೊದಲೇ ಇತ್ತು. ಕೈ ಅಂತೂ ಹುಟ್ಟಿದಾಗಿನಿಂದ ಇದೆ. ಮೂರನ್ನೂ ಸಾಕಷ್ಟು ಬಳಸಿದ ಮೇಲೆ ಬರೀತಿದ್ದೀನಿ. ಕ್ಯಾಮೆರಾ ಎಪಿಎಸ್-ಸಿ ಸೆನ್ಸರಿನದು, ಲೆನ್ಸ್ ಹೆಚ್ಚಾಗಿ 16 ಎಂಎಂ. ಕ್ಯಾಮೆರಾ, ಗಿಂಬಲ್ ಎಲ್ಲ ಸೇರಿ ಒಂದೂವರೆ ಕೆಜಿ ಆಸುಪಾಸು. ಕೇಳೋಕೆ ಕಡಿಮೆ ಅನ್ಸುತ್ತೆ. ಹತ್ತು ನಿಮಿಷ ಕೈ ಮುಂದೆ ಚಾಚಿ ಹಿಡಿದರೆ ಗೊತ್ತಾಗುತ್ತೆ.

ಗಿಂಬಲ್ ತಗೊಳ್ಳೋ ಪ್ರತಿಯೊಬ್ಬರೂ ಮೊದಲ ವಾರ ನಿರಾಶರಾಗ್ತಾರೆ. ನಾನೂ ಆದೆ. ವಿಡಿಯೋ ನೋಡಿದರೆ ಹಿಂದಿನ ಕಟ್ಟಡ ಅಲ್ಲಾಡದೆ ನಿಂತಿದೆ, ಮೇಷ್ಟ್ರ ಮುಖ ಮಾತ್ರ ಲಿಫ್ಟಿನಲ್ಲಿ ಇಟ್ಟ ಹಾಗೆ ಮೇಲೆ ಕೆಳಗೆ ಹೋಗ್ತಿದೆ. ಗಿಂಬಲ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡಲು ಹೊರಟಿದ್ದೆ. ಕೆಟ್ಟಿರಲಿಲ್ಲ. ಗಿಂಬಲ್‌ನ ಮೂರು ಮೋಟಾರುಗಳು ಸರಿ ಮಾಡೋದು ಕ್ಯಾಮೆರಾ ತಿರುಗೋದನ್ನ ಮಾತ್ರ: ಎಡಬಲ ತಿರುಗೋದು ಪ್ಯಾನ್, ಮೇಲೆ ಕೆಳಗೆ ಬಾಗೋದು ಟಿಲ್ಟ್, ಪಕ್ಕಕ್ಕೆ ವಾಲೋದು ರೋಲ್. ನೀವು ನಡೆಯುವಾಗ ಇಡೀ ಮೈಯೇ ಹೆಜ್ಜೆ ಹೆಜ್ಜೆಗೂ ನಾಲ್ಕು ಸೆಂಟಿಮೀಟರಿನಷ್ಟು ಏರಿಳಿಯುತ್ತಲ್ವಾ, ಅದನ್ನ ಅದು ಮುಟ್ಟೋದೇ ಇಲ್ಲ. ಅದಕ್ಕೆ ಸ್ಪ್ರಿಂಗ್ ಇರೋ ತೋಳು ಬೇಕು. 1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ಮಾಡಿದ ಸ್ಟೆಡಿಕ್ಯಾಮಿನಲ್ಲಿ ಇದ್ದದ್ದು ಅದೇ. ನಮ್ಮ ಕೈಯಲ್ಲಿರೋ ಕೋಲಿನಂಥ ಗಿಂಬಲ್‌ಗೆ ಆ ತೋಳು ಇಲ್ಲ. ಆ ಕೆಲಸ ನಮ್ಮ ಮೊಣಕಾಲೇ ಮಾಡಬೇಕು.

ಇಲ್ಲೊಂದು ಸರಳ ಲೆಕ್ಕ ಇದೆ. ನನ್ನ 16 ಎಂಎಂ ಲೆನ್ಸಿನಲ್ಲಿ ಮೇಷ್ಟ್ರು ಒಂದು ಮೀಟರ್ ದೂರದಲ್ಲಿದ್ದರೆ, ಅವರಿರುವಲ್ಲಿ ಫ್ರೇಮಿನ ಎತ್ತರ ಸುಮಾರು 85 ಸೆಂಟಿಮೀಟರ್. ನಾಲ್ಕು ಸೆಂಟಿಮೀಟರ್ ಕುಲುಕಿದರೆ ಫ್ರೇಮಿನ ನೂರಕ್ಕೆ ಐದರಷ್ಟು ಜಾಗ ಮುಖ ಜಿಗಿಯುತ್ತೆ. ಅದು ಎದ್ದು ಕಾಣುತ್ತೆ. ಅದೇ ಅವರಿಂದ ಎರಡೂವರೆ ಮೀಟರ್ ದೂರಕ್ಕೆ ಹೋದರೆ ಫ್ರೇಮಿನ ಎತ್ತರ ಎರಡು ಮೀಟರಿಗೂ ಜಾಸ್ತಿ. ಆಗ ಜಿಗಿತ ನೂರಕ್ಕೆ ಎರಡಷ್ಟೇ. ದೂರದ ಕಟ್ಟಡಕ್ಕೆ ಹೆಚ್ಚುಕಡಿಮೆ ಸೊನ್ನೆ. ಕಟ್ಟಡ ನಿಂತು ಮುಖ ಕುಣಿದದ್ದು ಇದಕ್ಕೇ. ನನ್ನ ವಿಡಿಯೋ ಸುಧಾರಿಸಿದ್ದು ಸೆಟ್ಟಿಂಗ್ ಬದಲಿಸಿ ಅಲ್ಲ, ಒಂದೂವರೆ ಮೀಟರ್ ಹಿಂದೆ ಸರಿದು.

ಎರಡನೇ ಸುಧಾರಣೆ ಇನ್ನೂ ವಿಚಿತ್ರ. ಮೇಷ್ಟ್ರೂ ನಡೆಯುವಾಗ ಏರಿಳಿಯುತ್ತಾರೆ ತಾನೆ? ಅವರ ಹೆಜ್ಜೆಗೆ ನನ್ನ ಹೆಜ್ಜೆ ಕೂಡಿಸಿದರೆ ಇಬ್ಬರೂ ಒಟ್ಟಿಗೆ ಏರಿ ಒಟ್ಟಿಗೆ ಇಳೀತೀವಿ, ಮುಖ ಫ್ರೇಮಿನಲ್ಲಿ ನಿಲ್ಲುತ್ತೆ. ತಾಳ ತಪ್ಪಿದರೆ ಇಬ್ಬರ ಕುಲುಕೂ ಸೇರಿ ಎರಡರಷ್ಟು ಆಗುತ್ತೆ. ಹಾಗಾಗಿ ಈಗ ರೆಕಾರ್ಡ್ ಒತ್ತಿದ ಮೇಲೆ ಮೊದಲ ನಾಲ್ಕು ಹೆಜ್ಜೆ ಮಾತಿಲ್ಲದೆ ನಡೀತೀವಿ. ಹೆಜ್ಜೆ ಕೂಡಿದ ಮೇಲೆ ಮೇಷ್ಟ್ರು ಶುರು ಮಾಡ್ತಾರೆ. "ಇದೇನಪ್ಪಾ ಪೆರೇಡ್ ಮಾಡಿಸ್ತಾ ಇದ್ದೀಯ" ಅಂತ ಒಂದೆರಡು ಸಲ ಬೈದರು, ಆಮೇಲೆ ಅಭ್ಯಾಸ ಆಯಿತು.

ಹಿಮ್ಮುಖ ನಡೆಯೋಕೆ ಹಿಂದೆ ಒಬ್ಬರು ಇರಲೇಬೇಕು. ನನಗೆ ನನ್ನ ತಮ್ಮ. ಅವನು ನನ್ನ ಬೆಲ್ಟ್ ಹಿಡಿದಿರ್ತಾನೆ. ಬಲಕ್ಕೆ ಎಳೆದರೆ ಬಲಕ್ಕೆ, ಎರಡು ಸಲ ಜಗ್ಗಿದರೆ ಮೆಟ್ಟಿಲು ಅಂತ ಅರ್ಥ. ಬಾಯಲ್ಲಿ ಹೇಳಿದರೆ ಮೈಕಿಗೆ ಬರುತ್ತೆ. ಒಂದು ದಿನ ಅವನ ಫೋನ್ ರಿಂಗಾಯಿತು, ಬೆಲ್ಟ್ ಬಿಟ್ಟ. ನಾನು ಸೀದಾ ಬಾಳೆಗೊನೆ ರಾಶಿ ಮೇಲೆ ಕೂತೆ. ಗಿಂಬಲ್ ಮಾತ್ರ ಮೇಷ್ಟ್ರ ಮುಖವನ್ನೇ ನೋಡ್ತಾ ಇತ್ತು, ಹಾರಿಜಾನ್ ಒಂದು ಡಿಗ್ರಿ ವಾಲಿರಲಿಲ್ಲ. ಯಂತ್ರಕ್ಕೆ ಆ ಕ್ಷಣ ಪೂರ್ತಿ ಅಂಕ ಕೊಟ್ಟೆ.

ಇನ್ನು ಯಂತ್ರದ ಕಿರಿಕಿರಿ. ಬ್ಯಾಲೆನ್ಸ್ ಮಾಡೋದನ್ನ ಹಗುರವಾಗಿ ತಗೋಬೇಡಿ. ಮೋಟಾರ್ ಆಫ್ ಇರುವಾಗ ಮೊದಲು ಟಿಲ್ಟ್, ಆಮೇಲೆ ರೋಲ್, ಕೊನೆಗೆ ಪ್ಯಾನ್. ಲೆನ್ಸನ್ನ ಆಕಾಶಕ್ಕೆ ತಿರುಗಿಸಿ ಕೈಬಿಟ್ಟರೂ ಕ್ಯಾಮೆರಾ ಹಾಗೇ ನಿಂತರೆ ಟಿಲ್ಟ್ ಸರಿ ಇದೆ ಅಂತ. ಬೀಳ್ತಾ ಇದ್ದರೆ ಸರಿ ಇಲ್ಲ. ಸರಿ ಇಲ್ಲದೆಯೂ ಆನ್ ಆಗುತ್ತೆ, ಮೋಟಾರ್ ಬಲವಂತವಾಗಿ ಹಿಡಿದಿಟ್ಟುಕೊಳ್ಳುತ್ತೆ. ಮೋಸ ಇರೋದು ಅಲ್ಲೇ. ಸ್ವಲ್ಪ ಹೊತ್ತಿಗೆ ಮೋಟಾರ್ ಬಿಸಿ ಆಗುತ್ತೆ, ಚಿತ್ರದಲ್ಲಿ ಸಣ್ಣ ನಡುಕ ಬರುತ್ತೆ. ಒಮ್ಮೆ ಮೈಕ್ ರಿಸೀವರನ್ನ ಕ್ಯಾಮೆರಾ ಮೇಲೆ ಹಾಕಿ ಮತ್ತೆ ಬ್ಯಾಲೆನ್ಸ್ ಮಾಡದೆ ಹೋದೆ. ಸಾಲದ್ದಕ್ಕೆ ಅದರ ಕೇಬಲ್ ಬಿಗಿಯಾಗಿ ಗಿಂಬಲ್ ತೋಳಿಗೆ ಎಳೆದುಕೊಂಡಿತ್ತು. ಬಲಕ್ಕೆ ತಿರುಗಿದಾಗೆಲ್ಲ ಹಾರಿಜಾನ್ ವಾಲ್ತಿತ್ತು. ಅರ್ಧ ದಿನದ ಕೆಲಸ ಮಣ್ಣುಪಾಲು. ಈಗ ಮೆತ್ತನೆಯ ಸಣ್ಣ ಕೇಬಲ್, ಅದೂ ಸಡಿಲವಾಗಿ.

ಇನ್ನೊಂದು, ಫಾಲೋ ವೇಗ, ಅಂದರೆ ನಾವು ತಿರುಗಿದಾಗ ಗಿಂಬಲ್ ಎಷ್ಟು ಬೇಗ ಹಿಂಬಾಲಿಸುತ್ತೆ ಅನ್ನೋದು. ಅಂಗಡಿಯಿಂದ ಬಂದ ಹಾಗೆ ಬಿಟ್ಟರೆ ಗಿಂಬಲ್ ನಿಧಾನಕ್ಕೆ, ಗಂಭೀರವಾಗಿ ತಿರುಗುತ್ತೆ. ನೋಡೋಕೆ ಚೆಂದ. ಆದರೆ ಮೂಲೆ ತಿರುಗುವಾಗ ಮೇಷ್ಟ್ರು ಫ್ರೇಮಿನಿಂದ ಅರ್ಧ ಹೊರಗೆ. ಪ್ಯಾನ್ ವೇಗ ಜಾಸ್ತಿ ಮಾಡಿ, ಟಿಲ್ಟ್ ವೇಗ ಕಡಿಮೆಯೇ ಇಟ್ಟೆ. ಹೆಜ್ಜೆಯ ಕುಲುಕಿಗೆ ಅದು ಪ್ರತಿಕ್ರಿಯೆ ಕೊಡಬಾರದು, ತಿರುವಿಗೆ ಮಾತ್ರ ಕೊಡಬೇಕು.

ಇಷ್ಟೆಲ್ಲ ಕಲಿತ ಮೇಲೂ ದೇವರಾಜ ಮಾರುಕಟ್ಟೆ ಒಳಗೆ ನಾನು ಗಿಂಬಲ್ ತೆಗೆಯೋದಿಲ್ಲ. ಹೂವಿನ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ತಿರುಗಬೇಕು. ಅಲ್ಲಿ ಎರಡೂವರೆ ಮೀಟರ್ ದೂರ ಎಲ್ಲಿಂದ ತರೋದು? ನನಗೂ ಮೇಷ್ಟ್ರಿಗೂ ನಡುವೆ ಮಲ್ಲಿಗೆ ಬುಟ್ಟಿ ಹೊತ್ತವರು ನುಗ್ಗುತ್ತಾರೆ. ಗಿಂಬಲ್‌ನ ತೋಳು ಯಾರಿಗೋ ತಗಲುತ್ತೆ. ಜೊತೆಗೆ ಅದನ್ನ ಕಂಡ ಕೂಡಲೇ ಜನ ಮಾತು ನಿಲ್ಲಿಸಿ ಕ್ಯಾಮೆರಾ ನೋಡ್ತಾರೆ. "ಯಾವ ಚಾನೆಲ್ ಸಾರ್?" ಅಂತ ಒಬ್ಬರಾದರೂ ಕೇಳದೆ ಇರಲ್ಲ.

ಅಲ್ಲಿ ಕೈಯೇ ಸರಿ. ಕ್ಯಾಮೆರಾ ಪಟ್ಟಿಯನ್ನ ಕುತ್ತಿಗೆಗೆ ಹಾಕಿ, ಕ್ಯಾಮೆರಾವನ್ನ ಮುಂದಕ್ಕೆ ತಳ್ಳಿ ಪಟ್ಟಿ ಬಿಗಿ ಮಾಡಿದರೆ ಎರಡು ಕೈ, ಒಂದು ಕುತ್ತಿಗೆ, ಮೂರು ಕಡೆ ಆಧಾರ ಸಿಗುತ್ತೆ. ಮೊಣಕೈ ಪಕ್ಕೆಗೆ ಒತ್ತಿ. ಸಣ್ಣ ನಡುಕ ಹೋಗುತ್ತೆ, ದೊಡ್ಡ ಓಲಾಟ ಉಳಿಯುತ್ತೆ. ಆ ಓಲಾಟ ಸಂತೆಯೊಳಗೆ ಹೊಂದುತ್ತೆ, ಯಾರೋ ಜೊತೆಗೆ ನಡೀತಿರೋ ಹಾಗೆ ಕಾಣುತ್ತೆ. ಹಾಗಂತ ಒಂದೇ ಶಾಟನ್ನ ಎಳೀಬಾರದು. ನನ್ನ ಅನುಭವದಲ್ಲಿ ಹನ್ನೆರಡು, ಹದಿನೈದು ಸೆಕೆಂಡ್ ಆದ ಮೇಲೆ ನೋಡುವವರಿಗೆ ಕುಲುಕೇ ಕಾಣೋಕೆ ಶುರುವಾಗುತ್ತೆ, ಮಾತು ಕೇಳಿಸೋಲ್ಲ.

ಕ್ಯಾಮೆರಾದ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಷನ್ ಆನ್ ಮಾಡಬಹುದಲ್ವಾ ಅಂತ ಕೇಳ್ತೀರಿ. ಹಗಲಲ್ಲಿ ಮಾಡಿ. ಅದು ಚಿತ್ರದ ಅಂಚು ಕತ್ತರಿಸುತ್ತೆ, ಹಾಗಾಗಿ ಅಗಲ ಲೆನ್ಸ್ ಇರಬೇಕು. ಮಾರುಕಟ್ಟೆಯ ನೆರಳಿನಲ್ಲಿ ಮಾತ್ರ ಅದು ಕೈ ಕೊಡುತ್ತೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋಗೆ ಶಟರ್ 1/50 ಸೆಕೆಂಡ್ ಇಟ್ಟಿರ್ತೀನಿ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಟ್ಯೂಬ್‌ಲೈಟ್ ಮಿನುಗೋದಿಲ್ಲ. ಆ ಶಟರಿಗೆ ಹೆಜ್ಜೆಯ ಕುಲುಕು ಒಂದೊಂದು ಫ್ರೇಮನ್ನ ಸ್ವಲ್ಪ ಮಸುಕು ಮಾಡಿರುತ್ತೆ. ಸಾಫ್ಟ್‌ವೇರ್ ಫ್ರೇಮನ್ನ ಜಾಗಕ್ಕೆ ತಂದು ಕೂರಿಸುತ್ತೆ, ಮಸುಕನ್ನ ತೆಗೆಯೋಕಾಗಲ್ಲ. ಕೊನೆಗೆ ನಿಂತ ಚಿತ್ರ ಇದ್ದಕ್ಕಿದ್ದ ಹಾಗೆ ಮಂಜಾಗಿ, ಮತ್ತೆ ಸರಿಹೋಗ್ತಾ ಇರುತ್ತೆ. ಕಣ್ಣಿಗೆ ಏನೋ ತಪ್ಪಿದೆ ಅನ್ಸುತ್ತೆ, ಏನು ಅಂತ ಹೇಳೋಕಾಗಲ್ಲ. ಕತ್ತಲಿದ್ದಲ್ಲಿ ನಾನು ಅದನ್ನ ಆಫ್ ಮಾಡಿ ಬರೀ ಕೈಯನ್ನೇ ನಂಬ್ತೀನಿ.

ಟ್ರೈಪಾಡ್ ಬಗ್ಗೆ ಕೊನೆಗೆ ಬರೆಯೋಕೆ ಕಾರಣ, ಎರಡು ವರ್ಷದಲ್ಲಿ ನನಗೆ ಅತಿ ಹೆಚ್ಚು ಆಶ್ಚರ್ಯ ತಂದದ್ದು ಅದೇ. ನಡೆಯುವ ಶಾಟಿಗೆ ನಿಂತ ಕ್ಯಾಮೆರಾ ಯಾಕೆ ಅಂತ ನಾನೂ ನಗ್ತಿದ್ದೆ. ಒಂದು ಬೆಳಗ್ಗೆ ಗಿಂಬಲ್ ಚಾರ್ಜ್ ಆಗಿರಲಿಲ್ಲ. ಮೇಷ್ಟ್ರು ಬಂದು ನಿಂತಿದ್ದರು. ತಮ್ಮ "ಅಣ್ಣ, ಅವರೇ ನಡ್ಕೊಂಡ್ ಬರ್ಲಿ ಬಿಡು" ಅಂದ.

ಮರಗಳಿದ್ದ ಒಂದು ಸಮತಟ್ಟಾದ ಬೀದಿ. 55 ಎಂಎಂ ಲೆನ್ಸ್ ಹಾಕಿದೆ. ಇಪ್ಪತ್ತು ಮೀಟರ್ ಆಚೆ ಮೇಷ್ಟ್ರನ್ನ ನಿಲ್ಲಿಸಿದೆ. ಅಲ್ಲಿ ಅವರು ಫ್ರೇಮಿನ ಮೂರನೇ ಒಂದು ಭಾಗದಷ್ಟು ಎತ್ತರ, ಸುತ್ತ ಬೀದಿ ಕಾಣುತ್ತೆ. ಎಂಟು ಮೀಟರಿಗೆ ಬಂದಾಗ ಮೊಣಕಾಲಿನ ಕೆಳಗಿನವರೆಗೂ ಕಾಣ್ತಾರೆ. ನಾಲ್ಕು ಮೀಟರಿಗೆ ಬರೋ ಹೊತ್ತಿಗೆ ಸೊಂಟದಿಂದ ಮೇಲೆ. ಮಾತಾಡ್ತಾ ನಡೆಯುವಾಗ ಅವರ ವೇಗ ನಲವತ್ತು ಸೆಕೆಂಡಿಗೆ ಮೂವತ್ತು ಮೀಟರ್, ನಾನು ಅಳೆದಿದ್ದೀನಿ. ಹಾಗಾಗಿ ಈ ಹದಿನಾರು ಮೀಟರಿಗೆ ಇಪ್ಪತ್ತೊಂದು ಸೆಕೆಂಡ್. ಸಣ್ಣ ಪ್ಯಾರಾ ಒಂದು ಮುಗಿಯುತ್ತೆ. ಕ್ಯಾಮೆರಾ ಮುಟ್ಟದೆಯೇ ದೂರದ ಶಾಟ್, ಮಧ್ಯಮ ಶಾಟ್, ಹತ್ತಿರದ ಶಾಟ್, ಮೂರೂ ಒಂದೇ ಟೇಕಿನಲ್ಲಿ.

ಇಲ್ಲಿ ಒಂದೇ ಒಂದು ಗುಟ್ಟು. ಕ್ಯಾಮೆರಾವನ್ನ ಸರಿಯಾಗಿ ಮೇಷ್ಟ್ರ ಕಣ್ಣಿನ ಎತ್ತರಕ್ಕೆ ಇಡಿ. ನೆಲ ಸಮ ಇದ್ದರೆ ಅವರು ಎಷ್ಟೇ ಹತ್ತಿರ ಬರಲಿ, ಕಣ್ಣು ಫ್ರೇಮಿನಲ್ಲಿ ಒಂದೇ ಗೆರೆಯ ಮೇಲೆ ಇರುತ್ತೆ. ಲೆನ್ಸನ್ನ ಒಂಚೂರು ಕೆಳಗೆ ಬಾಗಿಸಿ ಆ ಗೆರೆಯನ್ನ ಮೇಲಿನ ಮೂರನೇ ಭಾಗಕ್ಕೆ ತಂದು ಲಾಕ್ ಮಾಡಿ, ಅಷ್ಟೇ. ಮೊದಲ ಟೇಕಿನಲ್ಲಿ ನಾನು ಎದೆಯ ಎತ್ತರಕ್ಕೆ ಇಟ್ಟಿದ್ದೆ. ಹತ್ತಿರ ಬಂದ ಹಾಗೆ ತಲೆ ಮೇಲೇರಿ ಕತ್ತರಿಸಿ ಹೋಯಿತು. ಟಿಲ್ಟ್ ಮಾಡಿ ಹಿಡಿಯೋಕೆ ಹೋಗಿ ಶಾಟ್ ನಡುಗಿತು. ಎರಡನೇ ಟೇಕಿಗೆ ಒಂದಡಿ ಎತ್ತರಿಸಿದೆ, ಕೈಕಟ್ಟಿ ನಿಂತು ನೋಡಿದೆ. ಮೇಷ್ಟ್ರು ಏರಿಳಿಯೋದು ಇಲ್ಲೂ ಕಾಣುತ್ತೆ, ಆದರೆ ಬೀದಿ ನಿಂತಿರೋದರಿಂದ ಅದು ಮನುಷ್ಯ ನಡೆಯೋ ರೀತಿ ಅಂತಲೇ ಕಣ್ಣು ಒಪ್ಪುತ್ತೆ.

ತೊಂದರೆಗಳೂ ಇವೆ. ಬರುವವರು ಬರಬಹುದು, ಹೋಗುವವರು ಹೋಗಬಾರದು. ಬೆನ್ನು ತಿರುಗಿಸಿ ನಡೆದರೆ ಶಾಟೂ ಸತ್ತಿತು, ಎದೆಗೆ ಸಿಕ್ಕಿಸಿದ ವೈರ್‌ಲೆಸ್ ಮೈಕೂ ಕೆಲವೊಮ್ಮೆ ಕಟ್ ಆಗುತ್ತೆ, ಮೈ ಅಡ್ಡ ಬರುತ್ತೆ. ಇಪ್ಪತ್ತು ಮೀಟರ್ ಖಾಲಿ ಜಾಗ ಬೇಕು, ಸ್ಕೂಟರ್ ನುಗ್ಗಬಾರದು. ನಾವು ಬೆಳಗ್ಗೆ ಆರೂವರೆಗೇ ಹೋಗ್ತೀವಿ. ಟ್ರೈಪಾಡಿನ ಕಾಲು ಬಿಡಿಸಿದ ಕೂಡಲೇ ಕಾವಲುಗಾರರು ಪರ್ಮಿಷನ್ ಕೇಳ್ತಾರೆ. ಕೈಯಲ್ಲಿ ಅದೇ ಕ್ಯಾಮೆರಾ ಇದ್ದರೆ ಯಾರೂ ಕೇಳಲ್ಲ.

ಕಳೆದ ತಿಂಗಳ ಎಂಟು ನಿಮಿಷದ ವಿಡಿಯೋ ಲೆಕ್ಕ ಹಾಕಿದೆ. ಬೀದಿ ಪರಿಚಯ ಟ್ರೈಪಾಡ್, ಒಂದೇ ಟೇಕ್. ಮಾರುಕಟ್ಟೆ ಒಳಗಿನದೆಲ್ಲ ಕೈ, ಹದಿನಾಲ್ಕು ತುಂಡು. ಕೊನೆಯ ಎರಡು ನಿಮಿಷ, ಮೇಷ್ಟ್ರು ನಿಲ್ಲಿಸದೆ ಮಾತಾಡ್ತಾ ಅಗಲವಾದ ಫುಟ್‌ಪಾತಿನಲ್ಲಿ ತೊಂಬತ್ತು ಮೀಟರ್ ನಡೆದದ್ದು, ಗಿಂಬಲ್. ಆ ಎರಡು ನಿಮಿಷವನ್ನ ಬೇರೆ ಯಾವುದರಲ್ಲೂ ತೆಗೆಯೋಕೆ ಆಗ್ತಿರಲಿಲ್ಲ. ಹಾಗಾಗಿ ಮಾರಿಲ್ಲ. ಆದರೆ ಈಗ ತಗೊಳ್ಳಬೇಕಾದ ಪರಿಸ್ಥಿತಿ ಬಂದರೆ ಮೊದಲು ಒಳ್ಳೆ ಟ್ರೈಪಾಡ್ ತಗೊಂಡು, ಗಿಂಬಲನ್ನ ಆ ಒಂದು ದಿನಕ್ಕೆ ಬಾಡಿಗೆಗೆ ತರ್ತೀನಿ. ಹಿಂದಿನ ದಿನ ಸಂಜೆಯೇ ತರ್ತೀನಿ, ಬ್ಯಾಲೆನ್ಸ್ ಮಾಡೋಕೆ.