ಡಾಲರ್ ಫಾರ್ವರ್ಡ್ ಬುಕ್ ಮಾಡಿದ್ದೀರಾ? ಮಾರ್ಚ್ 31ರ ಲೆಕ್ಕ ಒಮ್ಮೆ ನೋಡಿ

ಕಾಫಿ, ಕಾಳುಮೆಣಸು ತುಂಬಿಡುವ ಗಾಳಿಯಾಡದ ಒಳಚೀಲಗಳನ್ನು ಹೊರದೇಶದಿಂದ ತರಿಸಿ ಕುಶಾಲನಗರದಲ್ಲಿ ಮಾರುತ್ತೇವೆ. ಮೂವರು ಸಮಪಾಲುದಾರರು. ಮಾರ್ಚ್ 31ಕ್ಕೆ ಅಣ್ಣ ಪಾಲು ಬಿಟ್ಟರು. ಲೆಕ್ಕ ಬರೆಯುವವರ ಎಡವಟ್ಟಿನಿಂದ ಅವರ ಪಾಲಿನಲ್ಲಿ ಸುಮಾರು ₹10,000 ಖೋತಾ ಆಯಿತು. ದರಗಳನ್ನು ಸ್ವಲ್ಪ ಸರಳ ಮಾಡಿ ಹೇಳ್ತೀನಿ.

ಫೆಬ್ರುವರಿ 1ಕ್ಕೆ 50,000 ಡಾಲರ್ ಸಾಲದ ಬಿಲ್ ಬಂತು. ಅಂದಿನ ದರ ₹83. ಅದೇ ದಿನ ಏಪ್ರಿಲ್ 30ಕ್ಕೆ ಡಾಲರ್ ಕೊಳ್ಳಲು ಬ್ಯಾಂಕಿನಲ್ಲಿ ₹83.60ಕ್ಕೆ ಫಾರ್ವರ್ಡ್ ಬುಕ್ ಮಾಡಿದೆವು. ಹೆಚ್ಚುವರಿ 60 ಪೈಸೆಯೇ ಪ್ರೀಮಿಯಂ, ಒಟ್ಟು ₹30,000. ದುಡ್ಡು ಕೈಬಿಡದ ಕಾರಣ ಬ್ಯಾಂಕಿನ ಕಾಂಟ್ರಾಕ್ಟ್ ಚೀಟಿ ಫೈಲಿಗೆ ಹೋಯಿತು, ಪುಸ್ತಕಕ್ಕೆ ಬರಲೇ ಇಲ್ಲ.

ಮಾರ್ಚ್ 31ಕ್ಕೆ ಡಾಲರ್ ₹84. ಕೊಡಬೇಕಾದ ಸಾಲವನ್ನು ಮಾತ್ರ ಏರಿಸಿ ₹50,000 ನಷ್ಟ ಬರೆದರು. ಏಪ್ರಿಲ್ 30ಕ್ಕೆ ಬ್ಯಾಂಕ್ ₹41,80,000 ತೆಗೆದುಕೊಂಡಿತು. ಪುಸ್ತಕದಲ್ಲಿದ್ದ ಸಾಲ ₹42,00,000. ಉಳಿದ ₹20,000 ಹೊಸ ವರ್ಷಕ್ಕೆ ಲಾಭ!

ಎರಡೂ ವರ್ಷ ಕೂಡಿಸಿದರೆ ₹30,000 ಖರ್ಚು, ಅಂದರೆ ಸರಿಯಾಗಿ ಪ್ರೀಮಿಯಂ ಅಷ್ಟೇ. ಮೊತ್ತ ತಾಳೆಯಾಗಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ತಪ್ಪಿದ್ದು ವರ್ಷ.

ಲೆಕ್ಕಪತ್ರ ಮಾನದಂಡ ಎಎಸ್ 11 ಪ್ರಕಾರ ಬುಕ್ ಮಾಡಿದ ದಿನವೇ ಬ್ಯಾಂಕಿನಿಂದ ಬರಬೇಕಾದ ಡಾಲರ್ ₹41,50,000, ಮುಂದೂಡಿದ ಪ್ರೀಮಿಯಂ ₹30,000 ಡೆಬಿಟ್ ಆಗಬೇಕು. ಬ್ಯಾಂಕಿಗೆ ಕೊಡಬೇಕಾದ ₹41,80,000 ಕ್ರೆಡಿಟ್. ಮಾರ್ಚ್ 31ಕ್ಕೆ ಸಾಲದ ಮೇಲೆ ₹50,000 ನಷ್ಟ ಬಂದರೆ, ಬರಬೇಕಾದ ಡಾಲರ್ ಮೇಲೆ ಅಷ್ಟೇ ಲಾಭ ಬರುತ್ತದೆ. ಉಳಿಯುವುದು ಎರಡು ತಿಂಗಳ ಪ್ರೀಮಿಯಂ ₹20,000 ಮಾತ್ರ. ಏಪ್ರಿಲ್‌ನ ₹10,000 ಹೊಸ ವರ್ಷದ ಖರ್ಚು. ಅಣ್ಣ ಇದ್ದ ವರ್ಷಕ್ಕೆ ₹30,000 ಹೆಚ್ಚು ನಷ್ಟ ಬಿದ್ದಿದ್ದು ಹೀಗೆ.

ಪಾವತಿಯ ದಿನ ಡಾಲರ್ ₹82.50ಕ್ಕೆ ಇಳಿದಿತ್ತು. ‘₹1.10 ಜಾಸ್ತಿ ಕೊಟ್ಟಿರಲ್ಲ, ₹55,000 ನಷ್ಟ ಬರೀರಿ’ ಅಂದವರೂ ಇದ್ದರು. ಕೇಳಲು ಸರಿ ಅನ್ನಿಸುತ್ತೆ, ಅಲ್ವಾ? ಆದರೆ ಸಾಲವೂ ₹82.50ಕ್ಕೆ ಇಳಿದು ಅಲ್ಲಿ ₹75,000 ಲಾಭ, ಕಾಂಟ್ರಾಕ್ಟಿನಲ್ಲಿ ₹75,000 ನಷ್ಟ. ಎರಡೂ ವಜಾ. ಬುಕ್ ಮಾಡದಿದ್ದರೆ ಉಳಿಯುತ್ತಿತ್ತು ಅನ್ನೋದು ಹಳಹಳಿಕೆ, ಅದಕ್ಕೆ ಲೆಡ್ಜರ್ ಇಲ್ಲ.

ವರ್ಷಾಂತ್ಯದ ವಿನಿಮಯ ನಷ್ಟದ ಖಾತೆ ತೆರೆದು ನೋಡಿ. ಫಾರ್ವರ್ಡ್ ಇದ್ದೂ ಎದುರಿಗೆ ಸಮನಾದ ಲಾಭ ಇಲ್ಲ ಅಂದರೆ ಚೀಟಿ ಫೈಲಿನಲ್ಲೇ ಕೂತಿದೆ ಅಂತ ಅರ್ಥ.

ಸರಕೇ ಬರದೆ ಕಾಂಟ್ರಾಕ್ಟ್ ರದ್ದು ಮಾಡಿದರೆ ಮಾತ್ರ ಬ್ಯಾಂಕ್ ವಸೂಲಿ ಮಾಡುವ ವ್ಯತ್ಯಾಸ ನಿಜವಾದ ನಷ್ಟ, ಅದು ಆ ವರ್ಷದ್ದೇ. ಇಂಡ್ ಎಎಸ್ ಎಂಬ ಬೇರೆ ಮಾನದಂಡ ಅನ್ವಯಿಸುವ ಕಂಪನಿಗಳು ಈ ಪ್ರೀಮಿಯಂ ಲೆಕ್ಕ ಹಿಡಿಯಬೇಡಿ. ಅಲ್ಲಿ ಕಾಂಟ್ರಾಕ್ಟಿಗೇ ಆ ದಿನದ ನ್ಯಾಯಯುತ ಬೆಲೆ ಕಟ್ಟಬೇಕು.