ಕೆಂಪು ಮಣ್ಣೋ ಎರೆಮಣ್ಣೋ: ಐದನೇ ದಿನ ಯಾವ ಪಿಚ್ ನಂಬಬಹುದು?

ನಾನು ಆಫ್ ಸ್ಪಿನ್ ಹಾಕುವವನು, ಕೆಳ ಕ್ರಮಾಂಕದಲ್ಲಿ ಬ್ಯಾಟ್ ಮಾಡುವವನು. ಒಂದೇ ಮೈದಾನದಲ್ಲಿ ಅಕ್ಕಪಕ್ಕ ಇದ್ದ ಒಂದು ಕೆಂಪು ಮಣ್ಣಿನ ಪಿಚ್ ಮತ್ತು ಒಂದು ಎರೆಮಣ್ಣಿನ ಪಿಚ್ ಮೇಲೆ, ನಡುವೆ ನೀರು ಹಾಕದೆ, ತಲಾ ಐದು ದಿನ ಆಡುವ ಅವಕಾಶ ಸಿಕ್ಕಿತ್ತು. ಅಲ್ಲಿ ಕಂಡದ್ದು ಇದು.

ಆಟಕ್ಕೆ ಮುಂಚೆ ಎರಡೂ ಮಣ್ಣನ್ನು ಕಲಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ನೆರಳಲ್ಲಿ ಒಣಗಿಸಿದ್ದೆವು. ಒಣಗಿದ ಮೇಲೆ ಕೆಂಪು ಉಂಡೆ ಬೂಟಿನಡಿ ಪುಡಿಯಾಯಿತು. ಕಪ್ಪು ಉಂಡೆಯ ಮೈಮೇಲೆ ಬಿರುಕು ಮೂಡಿತ್ತು, ಆದರೂ ತುಳಿದರೆ ಜಗ್ಗಲಿಲ್ಲ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ, ಆದರೆ ಹಿಡಿತ ಬಿಡುವುದಿಲ್ಲ. ಕೆಂಪು ಮಣ್ಣಿನಲ್ಲಿ ಹಾಗೆ ಉಬ್ಬುವ ಜೇಡಿ ಕಡಿಮೆ, ಹಿಡಿತವೂ ಕಡಿಮೆ.

ಮೊದಲ ದಿನ ಎರಡರ ಮೇಲೂ ತುಸು ಹಸಿರು ಹುಲ್ಲಿತ್ತು. ಹುಲ್ಲು ಎಂದರೆ ವೇಗಿಗಳಿಗೆ ಹಬ್ಬ ಎಂದಷ್ಟೇ ಹೇಳುತ್ತಾರೆ. ಅದರ ದೊಡ್ಡ ಕೆಲಸ ನೆಲದೊಳಗಿದೆ: ಬೇರು ಆಳದ ತೇವವನ್ನು ಹೀರಿ ಪಿಚ್ಚನ್ನು ಒಳಗಿನಿಂದ ಗಟ್ಟಿ ಮಾಡುತ್ತದೆ, ಮಣ್ಣನ್ನು ಹೆಣೆದು ಹಿಡಿಯುತ್ತದೆ. ಒಣಗಿ ಹುಲ್ಲಿನ ಬಣ್ಣ ಹೋದರೂ ಈ ಹಿಡಿತ ಕೆಲವು ದಿನ ಉಳಿಯುತ್ತದೆ. ಕೆಂಪು ಪಿಚ್‌ನಲ್ಲಿ ಚೆಂಡು ಎದೆಯೆತ್ತರಕ್ಕೆ ಎದ್ದು ಕೀಪರ್ ಕೈಗೆ ರಭಸದಿಂದ ಹೋಗುತ್ತಿತ್ತು. ಎರೆಮಣ್ಣಿನಲ್ಲಿ ಅದೇ ಬೌಲರ್, ಅದೇ ಉದ್ದಕ್ಕೆ ಹಾಕಿದ ಚೆಂಡು ಸೊಂಟದ ಹತ್ತಿರ ಬಂತು, ಅದೂ ತಡವಾಗಿ. ಡ್ರೈವ್ ಮಾಡಲು ಹೋದವರು ಬೇಗ ಬ್ಯಾಟ್ ಬೀಸಿ ಕವರ್‌ನಲ್ಲಿ ಕ್ಯಾಚ್ ಕೊಟ್ಟರು.

ಎರಡನೇ ದಿನ ಬ್ಯಾಟಿಂಗ್‌ಗೆ ಕೆಂಪು ಪಿಚ್ಚೇ ಸೈ. ಮೇಲಿನ ತೇವ ಆರಿರುತ್ತದೆ, ಬೌನ್ಸ್ ಒಂದೇ ಸಮನಾಗಿರುತ್ತದೆ, ಹೊಡೆದದ್ದಕ್ಕೆ ಬೆಲೆ ಸಿಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಚೆನ್ನೈನ ಕೆಂಪು ಮಣ್ಣಿನ ಮೇಲೆ ಬಾಂಗ್ಲಾದೇಶದ ವಿರುದ್ಧ ನಡೆದ ಟೆಸ್ಟ್ ನೆನಪಿಸಿಕೊಳ್ಳಿ. ಮೊದಲ ದಿನ ವೇಗಿ ಹಸನ್ ಮಹಮೂದ್ ಮೇಲಿನ ಕ್ರಮಾಂಕವನ್ನು ಕಿತ್ತು ಭಾರತ 6 ವಿಕೆಟ್‌ಗೆ 144 ಆಗಿತ್ತು. ಚೆಂಡು ಹಳತಾಗಿ ತೇವ ಆರಿದ ಮೇಲೆ ಅದೇ ಪಿಚ್‌ನಲ್ಲಿ ಅಶ್ವಿನ್ ಮತ್ತು ಜಡೇಜ 199 ರನ್ ಜೊತೆಯಾಟ ಆಡಿದರು. ಕೊನೆಯ ಇನಿಂಗ್ಸ್‌ನಲ್ಲಿ ಅಶ್ವಿನ್ 88 ರನ್‌ಗೆ 6 ವಿಕೆಟ್ ತೆಗೆದರು, ಪಂದ್ಯ ನಾಲ್ಕನೇ ದಿನವೇ ಮುಗಿಯಿತು. ಕೆಂಪು ಮಣ್ಣಿನ ಪೂರ್ತಿ ಆಯುಷ್ಯವೇ ಆ ಪಂದ್ಯದಲ್ಲಿದೆ.

ಮೂರನೇ ದಿನದಿಂದ ಎರಡರ ದಾರಿ ಬೇರೆಯಾಯಿತು. ಕೆಂಪು ಪಿಚ್‌ನ ಮೇಲ್ಪದರ ಸಡಿಲವಾಯಿತು. ಚೆಂಡು ಬಿದ್ದಲ್ಲೆಲ್ಲ ಧೂಳಿನ ಪುಟ್ಟ ಮೋಡ ಏಳುತ್ತಿತ್ತು. ಎಲ್ಲಕ್ಕಿಂತ ಬೇಗ ಹಾಳಾದದ್ದು ಬೌಲರ್‌ಗಳ ಕಾಲು ಬೀಳುವ ಜಾಗ. ಬಲಗೈ ವೇಗಿ ಓವರ್ ದಿ ವಿಕೆಟ್ ಹಾಕುವಾಗ ತುಳಿಯುವ ಜಾಗ, ಆ ತುದಿಗೆ ಬಂದು ನಿಂತ ಎಡಗೈ ಬ್ಯಾಟರ್‌ಗೆ ಆಫ್ ಸ್ಟಂಪಿನ ಹೊರಗೆ ಸಿಗುತ್ತದೆ. ನಾನು ಎದುರಿನ ತುದಿಯಿಂದ ಅಲ್ಲಿಗೇ ಗುರಿ ಇಟ್ಟೆ. ನಾಲ್ಕನೇ ದಿನ ಒಂದು ಚೆಂಡು ಆ ಗುಳಿಯ ಅಂಚಿಗೆ ಬಡಿದು ಗ್ಲೌಸಿನವರೆಗೆ ಎದ್ದು ಸ್ಲಿಪ್‌ಗೆ ಹೋಯಿತು. ಅದರ ಹಿಂದಿನ ಚೆಂಡು ಅಲ್ಲೇ ಪಕ್ಕದಲ್ಲಿ ಬಿದ್ದು ನೇರವಾಗಿ ಹೋಗಿತ್ತು.

ಎರೆಮಣ್ಣಿನಲ್ಲಿ ಧೂಳು ಕಡಿಮೆ, ಬಿರುಕು ಹೆಚ್ಚು. ನೋಡಿದರೆ ಭಯವಾಗುತ್ತದೆ, ಆದರೆ ಬಿರುಕುಗಳ ನಡುವಿನ ತಟ್ಟೆಗಳು ಅಲುಗಾಡದೆ ಕೂತಿದ್ದರೆ ಅಪಾಯ ಕಡಿಮೆ. ಬೆರಳಿನಿಂದ ಅಂಚನ್ನು ಒತ್ತಿ ನೋಡಿ: ಅಲುಗಿದರೆ, ಚೂರು ಎದ್ದರೆ, ಇನ್ನು ಮುಂದೆ ಚೆಂಡು ಎತ್ತ ಹೋಗುತ್ತದೋ ಹೇಳಲಾಗದು. 2013ರ ಆ್ಯಷಸ್‌ನಲ್ಲಿ ದೊಡ್ಡ ಬಿರುಕುಗಳಿದ್ದ ಪರ್ತ್ ಪಿಚ್ ಮೇಲೆ ಬೆನ್ ಸ್ಟೋಕ್ಸ್ ಕೊನೆಯ ಇನಿಂಗ್ಸ್‌ನಲ್ಲಿ 120 ಹೊಡೆದರು.

ನಮ್ಮ ಎರೆಮಣ್ಣಿನ ಪಿಚ್‌ನಲ್ಲಿ ನನ್ನನ್ನು ಕಾಡಿದ್ದು ಬಿರುಕಲ್ಲ, ಏಳದ ಚೆಂಡು. ಐದನೇ ದಿನ ಗುಡ್ ಲೆಂತ್ ಚೆಂಡಿಗೆ ಹಿಂದೆ ಸರಿದು ಆಡಲು ಹೋದೆ; ಅದು ಕಣಕಾಲಿನ ಮಟ್ಟಕ್ಕೆ ಜಾರಿ ಪ್ಯಾಡಿಗೆ ಬಡಿಯಿತು, ಎಲ್‌ಬಿ. ತಿರುಗುವ ಚೆಂಡಿಗೆ ಕಾಲು ಮುಂದಿಟ್ಟು ಅದು ಬಿದ್ದಲ್ಲೇ ಆಡಬಹುದು, ಇಲ್ಲ ಪೂರ್ತಿ ಹಿಂದೆ ಹೋಗಿ ತಿರುವು ಮುಗಿಯುವವರೆಗೆ ಕಾಯಬಹುದು. ತಗ್ಗಿ ಬರುವ ಚೆಂಡಿಗೆ ಆ ಎರಡನೇ ದಾರಿಯೇ ಇಲ್ಲ. ಹಾಗಾಗಿ ಬೌಲರ್ ಆಗಿಯೂ ಬ್ಯಾಟರ್ ಆಗಿಯೂ ನನ್ನ ಆಯ್ಕೆ ಕೆಂಪು ಮಣ್ಣೇ.

ರೋಲರ್ ವಿಷಯದಲ್ಲೂ ಇವೆರಡು ಒಂದೇ ಅಲ್ಲ. ಎರಡನೇ ದಿನದಿಂದ ಪ್ರತಿ ದಿನದ ಆಟಕ್ಕೆ ಮುಂಚೆ ಬ್ಯಾಟಿಂಗ್ ಕ್ಯಾಪ್ಟನ್ ಗರಿಷ್ಠ 7 ನಿಮಿಷ ರೋಲರ್ ಕೇಳಬಹುದು. ಪುಡಿಯಾಗುತ್ತಿರುವ ಕೆಂಪು ಪಿಚ್ ಮೇಲೆ ನಾವು ಭಾರದ ರೋಲರ್ ಎಳೆಸಿದ ದಿನ ಮೇಲ್ಪದರ ಇನ್ನಷ್ಟು ಒಡೆಯಿತು. ಮರುದಿನ ಹಗುರದ್ದನ್ನೇ ಕೇಳಿದೆವು, ಊಟದವರೆಗೆ ಒಂದು ವಿಕೆಟ್ ಮಾತ್ರ ಹೋಯಿತು.