ಕೈಗಂಟಿನ ರತ್ನಗಂಬಳಿಯೋ ಯಂತ್ರದ್ದೋ: ಹಿಂಬದಿ ಹೇಳುವ ಮಾತು

ನಮ್ಮ ನಡುಮನೆಯಲ್ಲಿ ಹಾಸಿರುವುದು ಉತ್ತರ ಪ್ರದೇಶದ ಭದೋಹಿಯಲ್ಲಿ ಕೈಯಿಂದ ಗಂಟು ಹಾಕಿ ನೇಯ್ದ ಉಣ್ಣೆಯ ರತ್ನಗಂಬಳಿ. ಪಕ್ಕದ ಕೋಣೆಯಲ್ಲಿರುವುದು ಅದೇ ಅಳತೆಯ, ಹೆಚ್ಚುಕಡಿಮೆ ಅದೇ ಹೂಬಳ್ಳಿಯ ವಿನ್ಯಾಸದ, ವಿದ್ಯುತ್ ಮಗ್ಗದಿಂದ ಬಂದ ರತ್ನಗಂಬಳಿ. ಎರಡೂ ನಾಲ್ಕಡಿ ಅಗಲ, ಆರಡಿ ಉದ್ದ. ಮೊದಲನೆಯದಕ್ಕೆ 32,000 ರೂಪಾಯಿ ಕೊಟ್ಟಿದ್ದೇನೆ, ಎರಡನೆಯದಕ್ಕೆ 7,000. ನನಗೆ ಇಷ್ಟವಾಗಿರುವುದು ಮೊದಲನೆಯದೇ ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಎರಡನ್ನೂ ಕೊಂಡದ್ದು ಮಾರಾಟಗಾರರು ಕಳುಹಿಸಿದ ಫೋಟೋಗಳನ್ನು ನೋಡಿಯೇ ಆದ್ದರಿಂದ, ಫೋಟೋದಲ್ಲಿ ಏನನ್ನು ನಂಬಬಹುದು, ಏನನ್ನು ನಂಬಬಾರದು ಎಂಬುದು ಈ ಹೋಲಿಕೆಯ ಮುಖ್ಯ ವಿಷಯ.

ಮುಂಭಾಗದ ಫೋಟೋ ಹೆಚ್ಚಿನ ಪ್ರಯೋಜನಕ್ಕೆ ಬರುವುದಿಲ್ಲ. ಕೈಮಗ್ಗದ ಸೀರೆಯನ್ನು ಮಗುಚಿ ನೋಡುವ ಹಾಗೆ ರತ್ನಗಂಬಳಿಯನ್ನೂ ಮಗುಚಿಯೇ ನೋಡಬೇಕು. ನಾನು ಮಾರಾಟಗಾರರಲ್ಲಿ ಕೇಳಿದ್ದು ಒಂದು ಮೂಲೆಯ ಹಿಂಬದಿಯ ಫೋಟೋವನ್ನು. ಅದರಲ್ಲಿ ಕುಚ್ಚು, ಪಕ್ಕದ ಅಂಚು, ವಿನ್ಯಾಸದ ಒಂದಿಷ್ಟು ಭಾಗ ಮೂರೂ ಕಾಣಬೇಕು, ಅವುಗಳ ಮೇಲೆ ಒಂದು ಅಳತೆಪಟ್ಟಿ ಇರಬೇಕು, ಬೆಳಕು ಕಿಟಕಿಯ ಕಡೆಯಿಂದ ಓರೆಯಾಗಿ ಬೀಳಬೇಕು. ನೇರ ಫ್ಲಾಶ್ ಹಾಕಿ ತೆಗೆದರೆ ಗಂಟುಗಳ ಉಬ್ಬುತಗ್ಗುಗಳೆಲ್ಲ ಮಟ್ಟಸವಾಗಿ, ಎರಡು ಬಗೆಯ ಹಿಂಬದಿಗಳೂ ಒಂದೇ ರೀತಿ ಕಾಣುತ್ತವೆ.

ಕೈಗಂಟಿನ ಹಿಂಬದಿಯಲ್ಲಿ ಮುಂಭಾಗದ ವಿನ್ಯಾಸವೇ, ಬಣ್ಣಬಣ್ಣವಾಗಿ, ಸಣ್ಣ ಉಬ್ಬುಗಳ ಸಾಲುಗಳಲ್ಲಿ ಕಾಣುತ್ತದೆ. ನೇಕಾರರು ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಒಂದು ಜೊತೆ ಎಳೆಗಳಿಗೆ ಉಣ್ಣೆಯನ್ನು ಸುತ್ತಿ, ತುದಿಗಳನ್ನು ಮುಂದಕ್ಕೆಳೆದು ಕತ್ತರಿಸುತ್ತಾರೆ. ಒಂದು ಸಾಲು ಮುಗಿದ ಮೇಲೆ ಹೊಕ್ಕಿನ ನೂಲನ್ನು ಅಡ್ಡಕ್ಕೆ ಹಾಯಿಸಿ, ಪಂಜದಂತಹ ಉಪಕರಣದಿಂದ ಬಡಿದು ಕೂರಿಸುತ್ತಾರೆ. ಹೀಗಾಗಿ ಹಾಸಿನ ಎಳೆಗಳು ಗಂಟುಗಳೊಳಗೆ ಮುಚ್ಚಿಹೋಗಿರುತ್ತವೆ. ಸಾಲು ಸಾಲುಗಳ ನಡುವೆ ಹೊಕ್ಕಿನ ನೂಲು ಮಾತ್ರ ಅಲ್ಲಲ್ಲಿ ಅಡ್ಡಡ್ಡವಾಗಿ ಇಣುಕುತ್ತದೆ. ಬಡಿತದ ಭಾರ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲವಾದ್ದರಿಂದ ಕೆಲವು ಗಂಟುಗಳು ಚಪ್ಪಟೆಯಾಗಿ, ಕೆಲವು ಉದ್ದವಾಗಿ, ಸಾಲು ತುಸು ಏರಿಳಿದು ಕಾಣುತ್ತದೆ.

ಯಂತ್ರ ಗಂಟು ಹಾಕುವುದಿಲ್ಲ. ಈಗಿನ ಬಹುಪಾಲು ವಿದ್ಯುತ್ ಮಗ್ಗಗಳು ಮುಖಾಮುಖಿಯಾಗಿ ಎರಡು ರತ್ನಗಂಬಳಿಗಳನ್ನು ಒಟ್ಟಿಗೆ ನೇಯ್ದು, ನಡುವಿನ ಎಳೆಗಳನ್ನು ಚಾಕುವಿನಿಂದ ಸೀಳಿ ಬೇರ್ಪಡಿಸುತ್ತವೆ. ಎಳೆಯು ಹೊಕ್ಕಿನ ಕೆಳಗೆ ಇಂಗ್ಲಿಷಿನ ಯು ಆಕಾರದಲ್ಲಿ ತೂರಿ ನಿಂತಿರುತ್ತದೆ, ಅಷ್ಟೇ. ಅದನ್ನು ಹಿಡಿದಿಡಲು ಉದ್ದುದ್ದಕ್ಕೆ ಓಡುವ ತೆಳು ನೂಲು ಬೇಕು, ಮೇಲೊಂದು ಅಂಟಿನ ಲೇಪ ಬೇಕು. ಆದ್ದರಿಂದ ಹತ್ತಿರದ ಫೋಟೋದಲ್ಲಿ ಬಣ್ಣದ ಚುಕ್ಕೆಗಳ ಮೇಲೆ ಹಾದುಹೋಗುವ, ಗೆರೆ ಎಳೆದಷ್ಟು ನೆಟ್ಟಗಿನ ತೆಳು ದಾರಗಳನ್ನು ಹುಡುಕಬೇಕು. ಅವು ಕಂಡರೆ ಅದು ಯಂತ್ರದ್ದೇ. ಇಂದಿನ ಯಂತ್ರದ ಹಿಂಬದಿಯಲ್ಲಿಯೂ ವಿನ್ಯಾಸ ಸ್ಪಷ್ಟವಾಗಿ ಮೂಡಿರಬಹುದು, ಹಾಗಾಗಿ ‘ಹಿಂದೆಯೂ ಹೂವು ಕಾಣುತ್ತದೆ ನೋಡಿ ಸಾರ್’ ಎಂಬ ಮಾತೊಂದನ್ನೇ ಸಾಕ್ಷಿಯೆಂದು ಒಪ್ಪಲಾಗದು.

ಹಿಂಬದಿಗೆ ಬಟ್ಟೆ ಅಂಟಿಸಿದ್ದರೆ ಮಾತು ಬೇರೆ. ಅದು ಕೈಯಲ್ಲಿ ಹಿಡಿಯುವ ಯಂತ್ರದಿಂದ ಬಟ್ಟೆಗೆ ಉಣ್ಣೆಯನ್ನು ಚುಚ್ಚಿ, ರಬ್ಬರ್ ಅಂಟಿನಿಂದ ಹಿಡಿಸಿದ ಟಫ್ಟೆಡ್ ಮಾಲು. ಅದನ್ನು ಕೈಕೆಲಸ ಎಂದು ಮಾರುವುದು ಸುಳ್ಳಲ್ಲ, ಆದರೆ ಅದರಲ್ಲಿ ಗಂಟು ಇರುವುದಿಲ್ಲ.

ಗಂಟಿನ ಎಣಿಕೆಯಿಂದ ಬೆಲೆಯನ್ನೂ ಪರೀಕ್ಷಿಸಬಹುದು, ಮತ್ತು ನನ್ನ ಮಟ್ಟಿಗೆ ಬಹಳ ಉಪಯೋಗಕ್ಕೆ ಬಂದದ್ದು ಈ ಲೆಕ್ಕವೇ. ಒಬ್ಬ ಮಾರಾಟಗಾರರು ಇದೇ ಅಳತೆಯದನ್ನು, ಚದರ ಅಂಗುಲಕ್ಕೆ 144 ಗಂಟು ಎಂದು ಹೇಳಿ, 9,000 ರೂಪಾಯಿಗೆ ಕೊಡಲು ಮುಂದೆ ಬಂದಿದ್ದರು. ನಾಲ್ಕು ಅಡಿಗೆ ಆರು ಅಡಿ ಎಂದರೆ 3,456 ಚದರ ಅಂಗುಲ. 144ರಿಂದ ಗುಣಿಸಿದರೆ ಗಂಟುಗಳ ಸಂಖ್ಯೆ ಐದು ಲಕ್ಷದ ಸಮೀಪಕ್ಕೆ ಬರುತ್ತದೆ. ನುರಿತ ನೇಕಾರರು ದಿನಕ್ಕೆ 8,000 ಗಂಟು ಹಾಕುತ್ತಾರೆಂದು ಧಾರಾಳವಾಗಿ ಹಿಡಿದರೂ ಒಬ್ಬರಿಗೆ 62 ದಿನದ ಕೆಲಸ. ದಿನಗೂಲಿ ಬರೀ 300 ರೂಪಾಯಿ ಎಂದಿಟ್ಟುಕೊಂಡರೂ ಕೂಲಿಯೇ 18,000 ದಾಟುತ್ತದೆ. ಉಣ್ಣೆ, ಬಣ್ಣ, ತೊಳೆತ, ಸಾಗಣೆ ಇನ್ನೂ ಸೇರಿಲ್ಲ. ಹಿಂಬದಿಯ ಫೋಟೋ ಕೇಳಿದಾಗ ಬಂದದ್ದರಲ್ಲಿ ಆ ನೆಟ್ಟಗಿನ ತೆಳು ದಾರಗಳು ಸ್ಪಷ್ಟವಾಗಿಯೇ ಇದ್ದವು. ನಾನು ಕೊಂಡಿರುವ ಭದೋಹಿಯದು ಅಂಗುಲಕ್ಕೆ ಅಡ್ಡ ಎಂಟು, ಉದ್ದ ಎಂಟು, ಅಂದರೆ ಚದರ ಅಂಗುಲಕ್ಕೆ 64 ಗಂಟಿನದು. ಇದು ನವಿರಾದ ನೇಯ್ಗೆಯಲ್ಲ, ದಪ್ಪ ನೇಯ್ಗೆಯೇ. ಆದರೆ ಬೆಲೆಗೂ ಗಂಟಿಗೂ ತಾಳೆಯಿತ್ತು.

ಎಣಿಸುವಾಗ ಒಂದು ಎಚ್ಚರಿಕೆ ಬೇಕು. ಜೊತೆಯ ಎರಡು ಹಾಸಿನ ಎಳೆಗಳಲ್ಲಿ ಒಂದು ಇನ್ನೊಂದರ ಹಿಂದೆ ಸರಿದಿದ್ದರೆ ಪ್ರತಿ ಗಂಟು ಹಿಂಬದಿಯಲ್ಲಿ ಒಂದೇ ಉಬ್ಬಾಗಿ ಕಾಣುತ್ತದೆ. ಎರಡೂ ಒಂದೇ ಮಟ್ಟದಲ್ಲಿದ್ದರೆ ಒಂದು ಗಂಟು ಅಕ್ಕಪಕ್ಕದ ಎರಡು ಉಬ್ಬುಗಳಾಗಿ ಕಾಣುತ್ತದೆ, ಆಗ ಎಣಿಕೆ ಸುಲಭವಾಗಿ ಇಮ್ಮಡಿಯಾಗುತ್ತದೆ. ಹೂವಿನ ಸುತ್ತಲಿನ ತೆಳುವಾದ ಲಂಬ ಗೆರೆಯನ್ನು ಹುಡುಕಿ: ಅದು ಎಲ್ಲಿಯೂ ಎರಡು ಉಬ್ಬಿಗಿಂತ ಕಿರಿದಾಗದಿದ್ದರೆ, ಎರಡು ಉಬ್ಬು ಸೇರಿ ಒಂದು ಗಂಟು ಎಂದು ತಿಳಿಯಬೇಕು.

ಇನ್ನು ಕುಚ್ಚು. ನನಗೆ ಕಿರಿಕಿರಿ ತಂದಿದ್ದು ಇದೊಂದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೈಗಂಟಿನದರಲ್ಲಿ ಕುಚ್ಚು ಅಲಂಕಾರಕ್ಕೆಂದು ಸೇರಿಸಿದ್ದಲ್ಲ. ಮಗ್ಗದಿಂದ ಇಳಿಸುವಾಗ ಕತ್ತರಿಸಿದ ಹಾಸಿನ ತುದಿಗಳೇ ಅವು. ಗಂಟುಗಳ ಕೊನೆಯ ಸಾಲು ಮುಗಿದ ಮೇಲೆ ಒಂದೆರಡು ಬೆರಳಷ್ಟು ಗಂಟಿಲ್ಲದ ಚಪ್ಪಟೆ ನೇಯ್ಗೆ ಇರುತ್ತದೆ. ನಮ್ಮ ನವಲಗುಂದದ ಜಮಖಾನದಲ್ಲಿ ಇರುವಂಥ ನೇಯ್ಗೆಯೇ ಅದು. ಕುಚ್ಚಿನ ಎಳೆಗಳು ಆ ಪಟ್ಟಿಯ ಒಳಗಿನಿಂದಲೇ ಹೊರಟು ಬರುತ್ತವೆ. ಅಗ್ಗದ ಯಂತ್ರದ ಮಾಲಿನಲ್ಲಿ ಕುಚ್ಚಿನ ಪಟ್ಟಿಯನ್ನು ಹೊಲಿಗೆ ಯಂತ್ರದಿಂದ ಜೋಡಿಸಿರುತ್ತಾರೆ, ಮಗುಚಿದರೆ ಹೊಲಿಗೆಯ ಗೆರೆ ಕಾಣುತ್ತದೆ.

ತೊಡಕು ಇರುವುದು ಇವೆರಡರ ನಡುವೆ. ಯಂತ್ರದ ಕೆಲವು ರತ್ನಗಂಬಳಿಗಳಲ್ಲಿಯೂ ಹಾಸಿನ ಎಳೆಗಳನ್ನೇ ಕುಚ್ಚಾಗಿ ಬಿಟ್ಟಿರುತ್ತಾರೆ. ಅವು ಸಾಮಾನ್ಯವಾಗಿ ಪಾಲಿಯೆಸ್ಟರ್ ಆಗಿ ಹೊಳೆಯುತ್ತವೆ. ಇತ್ತ, ಹಳೆಯ ಕೈಗಂಟಿನದಕ್ಕೆ ಕುಚ್ಚು ಸವೆದ ಮೇಲೆ ಹೊಸದನ್ನು ಹೊಲಿದಿರಬಹುದು. ಆದ್ದರಿಂದ ಕುಚ್ಚೊಂದನ್ನೇ ನೋಡಿ ತೀರ್ಪು ಕೊಡಲಾಗದು. ಪಕ್ಕದ ಅಂಚನ್ನೂ ಸೇರಿಸಿ ನೋಡಬೇಕು. ಕೈಗಂಟಿನದರಲ್ಲಿ ಹೊಕ್ಕು ಅಂಚಿನ ಎಳೆಗಳನ್ನು ಬಳಸಿ ಮರಳುತ್ತದೆ, ಅದರ ಮೇಲೆ ಉಣ್ಣೆಯನ್ನು ಕೈಯಿಂದ ಸುತ್ತಿರುತ್ತಾರೆ, ಸುತ್ತುಗಳು ಒಂದೆಡೆ ಒತ್ತಾಗಿ ಇನ್ನೊಂದೆಡೆ ಬಿಡುವಾಗಿರುತ್ತವೆ. ಯಂತ್ರದ ಅಂಚಿನ ಹೊಲಿಗೆ ಆರಂಭದಿಂದ ಕೊನೆಯವರೆಗೆ ಒಂದೇ ಓರೆಯಲ್ಲಿ ಸಾಗುತ್ತದೆ.

ಕುಚ್ಚು ರತ್ನಗಂಬಳಿಯ ಒಡಲಿನದೇ ಆಗಿರುವುದು ಬಳಕೆಯಲ್ಲಿ ತಲೆನೋವೂ ಹೌದು. ಯಂತ್ರದ್ದರಲ್ಲಿ ಹೊಲಿದ ಕುಚ್ಚು ಕಿತ್ತುಬಂದರೆ ನೋಡಲು ಚೆನ್ನಾಗಿರುವುದಿಲ್ಲ, ಮತ್ತೇನೂ ಆಗುವುದಿಲ್ಲ. ಭದೋಹಿಯದರಲ್ಲಿ ಹತ್ತಿಯ ಎಳೆ ನೆಲ ಒರೆಸುವ ನೀರನ್ನು ಹೀರಿ ಕಂದಿತು. ಕಸ ಎಳೆಯುವ ಯಂತ್ರದ ತಿರುಗುವ ಕುಂಚಕ್ಕೆ ಸಿಕ್ಕಿ ಒಂದು ಮೂಲೆಯಲ್ಲಿ ತುಂಡಾಯಿತು. ಅಲ್ಲಿ ಚಪ್ಪಟೆ ಪಟ್ಟಿಯ ಹೊಕ್ಕು ಸಡಿಲವಾಗಿ ಜಾರತೊಡಗಿತು. ಆ ಪಟ್ಟಿ ಪೂರ್ತಿ ಬಿಚ್ಚಿಕೊಂಡರೆ ಮುಂದಿನ ಸರದಿ ಗಂಟಿನ ಸಾಲುಗಳದ್ದು, ಮತ್ತು ಬಿಚ್ಚಿದ ಗಂಟನ್ನು ಮತ್ತೆ ಹಾಕಬಲ್ಲವರು ನಮ್ಮ ಊರಿನ ಬೀದಿಯಲ್ಲಿ ಸಿಗುವುದಿಲ್ಲ.

ಇದಕ್ಕೆ ಮಾಡಿದ ಉಪಾಯ ಸರಳ. ಗಟ್ಟಿ ಹತ್ತಿ ದಾರವನ್ನು ದಪ್ಪ ಸೂಜಿಗೆ ಪೋಣಿಸಿ, ಹೊಕ್ಕಿನ ಒಂದೆರಡು ಸಾಲು ಒಳಕ್ಕೆ ಚುಚ್ಚಿ, ಕುಚ್ಚಿನ ಬುಡದ ಉದ್ದಕ್ಕೂ ಕಂಬಳಿಯ ಅಂಚಿಗೆ ಹಾಕುವಂಥ ಹೊಲಿಗೆ ಹಾಕಿದೆ. ಪ್ರತಿ ಹೊಲಿಗೆಯೂ ಎರಡು ಮೂರು ಎಳೆಗಳನ್ನು ಒಟ್ಟಾಗಿ ಹಿಡಿದಿರಬೇಕು. ಜಾರುವುದು ನಿಂತಿದೆ. ಈಗ ಕುಚ್ಚಿನ ಬಳಿಗೆ ಯಂತ್ರ ಒಯ್ಯುವುದಿಲ್ಲ, ನೆಲ ಒರೆಸುವ ಮುನ್ನ ಎರಡೂ ತುದಿಗಳನ್ನು ಒಳಮಡಚುತ್ತೇವೆ. ಈ ಶಿಸ್ತು ಸಾಧ್ಯವಿಲ್ಲದ ಮನೆಯವರು ಕೈಗಂಟಿನದನ್ನು ಕೊಳ್ಳುವ ಮೊದಲು ಯೋಚಿಸಬೇಕೆಂದು ಪ್ರಾಮಾಣಿಕವಾಗಿ ಹೇಳುತ್ತೇನೆ.

ಹಿಂಬದಿ, ಕುಚ್ಚು, ವಿನ್ಯಾಸದ ಏರುಪೇರು ಎಂಬ ಮೂರು ಸಾಕ್ಷಿಗಳಲ್ಲಿ ಕೊನೆಯದೇ ದುರ್ಬಲವಾದದ್ದು. ಕಾಶ್ಮೀರದ ನೇಕಾರರು ತಾಲೀಮ್ ಎಂಬ ಸಂಕೇತಲಿಪಿಯನ್ನು ಓದುತ್ತ ಗಂಟು ಗಂಟಿಗೂ ಬಣ್ಣ ಹೊಂದಿಸುವುದರಿಂದ ಅಲ್ಲಿನ ಒಳ್ಳೆಯ ಕೆಲಸದಲ್ಲಿ ತಪ್ಪು ಹುಡುಕುವುದೇ ಕಷ್ಟ. ಹಾಗೆಯೇ ಬಣ್ಣದ ಏರಿಳಿತವನ್ನು ಯಂತ್ರದಲ್ಲಿಯೂ ಬೇಕೆಂದೇ ಮೂಡಿಸುತ್ತಾರೆ. ಆದರೆ ಏರುಪೇರು ಯಾವ ದಿಕ್ಕಿಗೆ ಓಡುತ್ತದೆ ಎಂಬುದನ್ನು ನೋಡಿದರೆ ಉಪಯೋಗವಿದೆ. ಕೈನೇಯ್ಗೆಯಲ್ಲಿ ಉಣ್ಣೆ ಸಾಲು ಸಾಲಾಗಿ ಖರ್ಚಾಗುತ್ತದೆ; ಒಂದು ಬಾರಿ ಅದ್ದಿದ ಬಣ್ಣ ಮುಗಿದು ಮುಂದಿನದು ಶುರುವಾದಾಗ ಹಿನ್ನೆಲೆಯ ಬಣ್ಣ ಅಡ್ಡಪಟ್ಟಿಯಾಗಿ ತುಸು ಬದಲಾಗುತ್ತದೆ. ಯಂತ್ರದಲ್ಲಿ ಪ್ರತಿ ಎಳೆಯೂ ತನ್ನದೇ ಉರುಳೆಯಿಂದ ಉದ್ದಕ್ಕೆ ಹರಿದು ಬರುತ್ತದೆ. ಅಲ್ಲಿ ಬಣ್ಣದಲ್ಲಿ ವ್ಯತ್ಯಾಸ ಬಂದರೆ ಅಥವಾ ಎಳೆ ತಪ್ಪಿದರೆ ದೋಷ ಉದ್ದದ ಗೆರೆಯಾಗಿ ಕಾಣುತ್ತದೆ. ನನ್ನ ಭದೋಹಿಯದರಲ್ಲಿ ಕೆಂಪು ಹಿನ್ನೆಲೆ ಮೂರನೇ ಎರಡು ಭಾಗದ ಹತ್ತಿರ ಅಡ್ಡಕ್ಕೆ ಒಂದು ಛಾಯೆ ತಿಳಿಯಾಗುತ್ತದೆ, ಅಂಚಿನ ಬಳ್ಳಿಯ ಒಂದು ಎಲೆ ಮೂಲೆ ತಿರುಗುವಲ್ಲಿ ಅರ್ಧಕ್ಕೇ ನಿಂತಿದೆ, ಎರಡು ತುದಿಗಳ ಅಗಲ ಅರ್ಧ ಅಂಗುಲ ವ್ಯತ್ಯಾಸವಾಗಿದೆ. ಆ ಎಲೆಯೆಂದರೆ ನನಗೆ ತುಂಬ ಪ್ರೀತಿ.

ಹೊಸತರಲ್ಲಿ ಉಣ್ಣೆ ಕೆಲವು ತಿಂಗಳು ಉದುರುತ್ತದೆ. ಯಂತ್ರದ್ದರಲ್ಲಿರುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲು ಅಷ್ಟು ಉದುರುವುದಿಲ್ಲ. ಹುಳುವಿನ ಭಯ ಉಣ್ಣೆಗೆ ಮಾತ್ರ. ಸಾರು ಚೆಲ್ಲಿದರೆ ಯಂತ್ರದ್ದನ್ನು ತೊಳೆಯುವುದು ಸುಲಭ.

ನಾವು ನೆಲದ ಮೇಲೆ ಕೂತು ಓದುವವರು, ಮನೆಯೊಳಗೆ ಚಪ್ಪಲಿ ಹಾಕದವರು, ಒಮ್ಮೆ ಕೊಂಡ ವಸ್ತುವನ್ನು ಬದಲಿಸದವರು. ಹಾಗಾಗಿ ನಡುಮನೆಗೆ 32,000 ಕೊಟ್ಟದ್ದು ನನಗೆ ಹೆಚ್ಚೆನಿಸಿಲ್ಲ, ಇನ್ನೊಂದು ಕೈಗಂಟಿನದಕ್ಕೂ ಹಣ ಕೂಡಿಸುತ್ತಿದ್ದೇನೆ. ಬಾಡಿಗೆ ಮನೆಯಲ್ಲಿರುವವರಿಗೆ, ಊಟದ ಮೇಜಿನ ಕೆಳಗೆ ಹಾಸುವವರಿಗೆ, 15,000ಕ್ಕಿಂತ ಕಡಿಮೆ ಹಣದಲ್ಲಿ ಈ ಅಳತೆಯದನ್ನು ಹುಡುಕುವವರಿಗೆ ಯಂತ್ರದ್ದೇ ಸರಿ. ಆ ಬೆಲೆಗೆ ಹೊಸ ಕೈಗಂಟಿನದೆಂದು ಯಾರಾದರೂ ಹೇಳಿದರೆ, ಅಳತೆಪಟ್ಟಿ ಇಟ್ಟ ಹಿಂಬದಿಯ ಫೋಟೋ ಬರುವವರೆಗೆ ಮುಂಗಡ ಕೊಡಬೇಡಿ.